ಬಂಗಾರದ ಒಡವೆ, ನಾಣ್ಯ, ಬಾಂಡ್ ಮಾರಿದಾಗ ತೆರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯವರು ತೆರಿಗೆ ಸಲಹೆಗಾಗಿ ಬಂದಾಗಲೂ ಪತ್ರ ಬರೆದಾಗಲೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಬೇರೆ ಹೇಳದಿದ್ದಲ್ಲಿ ಉತ್ತರಗಳು 2025-26ನೆಯ ಹಣಕಾಸು ವರ್ಷದ ಮಾರಾಟಗಳಿಗೆ, ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳಿಗೆ ಮತ್ತು ಹೊಸ ತೆರಿಗೆ ಪದ್ಧತಿಗೆ ಸಂಬಂಧಿಸಿವೆ. ಹಿರಿಯರಿಂದ ಬಂದ ಒಡವೆಯ ವಿಷಯದಲ್ಲೇ ಗೊಂದಲ ಹೆಚ್ಚಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

## ಮೊದಲು ತಿಳಿಯಬೇಕಾದದ್ದು

ಮೈಮೇಲಿನ ಬಂಗಾರ ಮಾರಿದರೂ ತೆರಿಗೆ ಇದೆಯೇನ್ರಿ? ಅದು ಮನೆಯ ಸಾಮಾನಲ್ಲವೇ?

ಸ್ವಂತ ಬಳಕೆಯ ವಸ್ತುಗಳನ್ನು, ಅಂದರೆ ಬಟ್ಟೆಬರೆ, ಪೀಠೋಪಕರಣಗಳಂಥವನ್ನು, ಆದಾಯ ತೆರಿಗೆ ಕಾಯ್ದೆಯು ಬಂಡವಾಳ ಆಸ್ತಿಯ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ಅದೇ ವ್ಯಾಖ್ಯೆಯಲ್ಲಿ ಒಡವೆಗೆ ಈ ವಿನಾಯಿತಿ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ದಿನವೂ ಧರಿಸುವ ಬಳೆಯಾದರೂ ಪೆಟ್ಟಿಗೆಯಲ್ಲಿಟ್ಟ ನಾಣ್ಯವಾದರೂ ಮಾರಿದಾಗ ಲಾಭದ ಲೆಕ್ಕ ಹಾಕಲೇಬೇಕು. ತೆರಿಗೆ ಬೀಳುವುದು ಮಾರಿ ಬಂದ ಪೂರ್ತಿ ಹಣದ ಮೇಲಲ್ಲ. ಅದರಿಂದ ಕೊಂಡ ಬೆಲೆಯನ್ನೂ ಮಾರಾಟಕ್ಕಾಗಿಯೇ ಮಾಡಿದ ಖರ್ಚನ್ನೂ ಕಳೆದು ಉಳಿದ ಲಾಭದ ಮೇಲೆ. ಕೊಂಡ ಬೆಲೆಯಲ್ಲಿ ಬಂಗಾರದ ದರದ ಜೊತೆಗೆ ಅಂದು ತೆತ್ತ ಮಜೂರಿ, ಸವಕಳಿ ಮತ್ತು ಜಿಎಸ್‌ಟಿಯೂ ಸೇರುತ್ತವೆ. ಮಾರುವಾಗ ಸರಾಫರು ಮಜೂರಿಗೆ ಬೆಲೆ ಕೊಡುವುದಿಲ್ಲವಾದ್ದರಿಂದ ಅದನ್ನು ಲೆಕ್ಕದಲ್ಲಿ ಬಿಟ್ಟರೆ ನಷ್ಟ ಮಾರುವವರಿಗೇ.

ಎಷ್ಟು ಕಾಲ ಇಟ್ಟುಕೊಂಡು ಮಾರಿದರೆ ತೆರಿಗೆ ಕಡಿಮೆ?

ಒಡವೆ, ನಾಣ್ಯ, ಗಟ್ಟಿ ಮೂರಕ್ಕೂ ಗಡಿ 24 ತಿಂಗಳು. ಅದಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದು ಮಾರಿದರೆ ಅದು ದೀರ್ಘಾವಧಿ ಲಾಭ, ತೆರಿಗೆ ಶೇ. 12.5. ಅಷ್ಟರೊಳಗೆ ಮಾರಿದರೆ ಅಲ್ಪಾವಧಿ ಲಾಭ. ಅದು ಸಂಬಳ, ಬಡ್ಡಿ ಮುಂತಾದ ಆದಾಯದೊಡನೆ ಸೇರಿ ಅವರವರ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಎರಡರಲ್ಲೂ ತೆರಿಗೆಯ ಮೇಲೆ ಶೇ. 4 ಸೆಸ್ ಇದೆ. 2024ರ ಜುಲೈ 23ಕ್ಕಿಂತ ಮುಂಚೆ ಗಡಿ 36 ತಿಂಗಳು, ದರ, ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹಿಗ್ಗಿಸುವ ಇಂಡೆಕ್ಸೇಶನ್ ಸಹಿತ, ಶೇ. 20 ಇತ್ತು. ಯಾವ ನಿಯಮ ಅನ್ವಯಿಸುತ್ತದೆ ಎಂಬುದು ಮಾರಿದ ದಿನವನ್ನು ಅವಲಂಬಿಸಿದೆ, ಕೊಂಡ ದಿನವನ್ನಲ್ಲ.

ಬ್ಯಾಂಕಿನಲ್ಲಿ ಕೊಂಡ ನಾಣ್ಯಕ್ಕೆ ಬೇರೆ ನಿಯಮವಿದೆಯೇ?

ಇಲ್ಲ. ಬ್ಯಾಂಕು ತಾನು ಮಾರಿದ ನಾಣ್ಯವನ್ನು ಮರಳಿ ಕೊಳ್ಳುವುದಿಲ್ಲ. ಕೊನೆಗೆ ಸರಾಫರ ಅಂಗಡಿಗೇ ಹೋಗಬೇಕು. ಬೇರೆ ಬೇರೆ ವರ್ಷ ಕೊಂಡ ನಾಣ್ಯಗಳಿದ್ದರೆ ಪ್ರತಿಯೊಂದನ್ನೂ ಅದರ ಮೊಹರಾದ ಪೊಟ್ಟಣ ಮತ್ತು ರಸೀದಿಯೊಡನೆ ಬೇರೆಯಾಗಿಡುವುದು ಒಳ್ಳೆಯದು, ಏಕೆಂದರೆ ಮಾರಿದ ನಾಣ್ಯ ಯಾವುದು, ಅದಕ್ಕೆ 24 ತಿಂಗಳು ತುಂಬಿತ್ತೇ ಎಂಬುದನ್ನು ತೋರಿಸಲು ಪೊಟ್ಟಣದ ಮೇಲಿನ ಕ್ರಮಸಂಖ್ಯೆಗಿಂತ ಸುಲಭದ ದಾರಿ ಇನ್ನೊಂದಿಲ್ಲ.

ಮದುವೆಯಾದ ಹೆಂಗಸಿಗೆ 500 ಗ್ರಾಂವರೆಗೆ ತೆರಿಗೆ ಇಲ್ಲ ಎನ್ನುತ್ತಾರಲ್ಲ?

ಅದು ಮಾರಾಟಕ್ಕೆ ಸಂಬಂಧಿಸಿದ್ದಲ್ಲ. ಆದಾಯ ತೆರಿಗೆ ಶೋಧ ನಡೆದಾಗ ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷನಿಗೆ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡಬಾರದೆಂದು 1994ರ ಮೇ ತಿಂಗಳಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಅದು. ಆ 500 ಗ್ರಾಂನಲ್ಲಿ 10 ಗ್ರಾಂ ಮಾರಿದರೂ ಲಾಭಕ್ಕೆ ತೆರಿಗೆ ಇದೆ.

## ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವಾಗ

ಹಳೆಯ ಪಾಟಲಿ ಕೊಟ್ಟು ಹೊಸ ಸರ ತಂದೆ. ಕೈಗೆ ಹಣವೇ ಬಂದಿಲ್ಲ, ತೆರಿಗೆ ಎಲ್ಲಿಂದ ಬಂತು?

ಕಾಯ್ದೆಯ ಪ್ರಕಾರ ವಿನಿಮಯವೂ ಆಸ್ತಿಯ ವರ್ಗಾವಣೆಯೇ. ಹೊಸ ಸರದ ಬೆಲೆ 3,00,000 ರೂಪಾಯಿ, ಹಳೆಯ ಪಾಟಲಿಗೆ ಸರಾಫರು ಹಿಡಿದ ಬೆಲೆ 2,20,000, ಮೇಲೆ ಕೊಟ್ಟದ್ದು 80,000 ಎಂದಿಟ್ಟುಕೊಳ್ಳೋಣ. ಇಲ್ಲಿ ಪಾಟಲಿಯನ್ನು 2,20,000ಕ್ಕೆ ಮಾರಿದಂತಾಯಿತು. ಅದರಿಂದ ಪಾಟಲಿಯನ್ನು ಕೊಂಡ ಬೆಲೆ ಕಳೆದು ಉಳಿದದ್ದು ಲಾಭ.

ಇದರ ಇನ್ನೊಂದು ಮುಖವನ್ನು ಬಹಳ ಜನ ಮರೆಯುತ್ತಾರೆ. ಹೊಸ ಸರವನ್ನು ಮುಂದೆ ಎಂದಾದರೂ ಮಾರಿದರೆ ಅದರ ಕೊಂಡ ಬೆಲೆ 80,000 ಅಲ್ಲ, ಪೂರ್ತಿ 3,00,000. ಅಂಗಡಿಯವರು ಹಳೆಯ ಬಂಗಾರವನ್ನು ವಜಾ ಮಾಡಿ ಉಳಿದ ಮೊತ್ತಕ್ಕಷ್ಟೇ ಚೀಟಿ ಕೊಟ್ಟರೆ ಆ 2,20,000ಕ್ಕೆ ಆಧಾರವೇ ಇಲ್ಲದಂತಾಗಿ ಹತ್ತು ವರ್ಷದ ಮೇಲೆ ಅದೇ ಹಣಕ್ಕೆ ಮತ್ತೆ ತೆರಿಗೆ ಬೀಳುವ ಸಂಭವವಿದೆ. ಹೊಸ ಒಡವೆಯ ಪೂರ್ತಿ ಬೆಲೆ, ಹಳೆಯದರ ತೂಕ, ಶುದ್ಧತೆ ಮತ್ತು ಹಿಡಿದ ಬೆಲೆ ನಾಲ್ಕೂ ಕಾಣುವ ಬಿಲ್ಲನ್ನೇ ಕೇಳಿ ಪಡೆಯಬೇಕು. ಹೊಸ ಸರದ 24 ತಿಂಗಳ ಎಣಿಕೆ ವಿನಿಮಯದ ದಿನದಿಂದ ಹೊಸದಾಗಿ ಆರಂಭವಾಗುತ್ತದೆ.

ಪತ್ತಾರರ ಹತ್ತಿರ ನಮ್ಮದೇ ಬಂಗಾರ ಕರಗಿಸಿ ಬೇರೆ ಒಡವೆ ಮಾಡಿಸಿದರೆ?

ಬಂಗಾರ ನಿಮ್ಮದಾಗಿಯೇ ಉಳಿದು ರೂಪ ಮಾತ್ರ ಬದಲಾದರೆ ಅದು ಮಾರಾಟವಲ್ಲ. ಹಳೆಯ ಒಡವೆಯನ್ನು ಕೊಂಡ ದಿನ ಮತ್ತು ಬೆಲೆಯೇ ಮುಂದುವರಿಯುತ್ತವೆ. ಮೇಲೆ ಸೇರಿಸಿದ ಬಂಗಾರದ ಲೆಕ್ಕ ಮಾತ್ರ ಬೇರೆ. ಕೊಟ್ಟ ತೂಕ, ಮರಳಿ ಪಡೆದ ತೂಕ ಮತ್ತು ತೆತ್ತ ಮಜೂರಿಯನ್ನು ಬರೆದ ಚೀಟಿ ಇಲ್ಲದಿದ್ದರೆ ಇದನ್ನು ವಿನಿಮಯದಿಂದ ಬೇರೆಯಾಗಿ ತೋರಿಸುವುದು ಕಷ್ಟ.

ಬಂಗಾರ ಒತ್ತೆಯಿಟ್ಟು ಸಾಲ ಪಡೆದರೆ ತೆರಿಗೆ ಬರುತ್ತದೆಯೇ?

ಒತ್ತೆಯಿಟ್ಟರೆ ಬರುವುದಿಲ್ಲ. ಆದರೆ ಸಾಲ ತೀರದೆ ಸಾಲ ಕೊಟ್ಟವರು ಅದನ್ನು ಹರಾಜು ಹಾಕಿದರೆ ಅದು ನಿಮ್ಮ ಒಡವೆಯ ಮಾರಾಟವೇ. ಹರಾಜಿನ ಹಣವೆಲ್ಲ ಸಾಲಕ್ಕೇ ಜಮೆಯಾಗಿ ಕೈಗೆ ಏನೂ ಬಾರದಿದ್ದರೂ ಲಾಭದ ಲೆಕ್ಕ ನಿಮ್ಮ ಹೆಸರಿನಲ್ಲೇ ಬರುತ್ತದೆ.

## ಹಿರಿಯರ ಒಡವೆ ಮತ್ತು ಇಂಡೆಕ್ಸೇಶನ್

ಅವ್ವನ ಬೋರಮಾಳ ನಮಗೆ ಬಂದಿದೆ. ನಾವು ದುಡ್ಡು ಕೊಟ್ಟು ಕೊಂಡಿಲ್ಲ. ಹಾಗಿದ್ದರೆ ಕೊಂಡ ಬೆಲೆ ಯಾವುದು?

ವಾರಸಾಗಿ, ಉಯಿಲಿನಿಂದ ಅಥವಾ ಉಡುಗೊರೆಯಾಗಿ ಬಂದ ಒಡವೆಗೆ ಹಿಂದಿನ ಒಡೆಯರು ಕೊಂಡ ಬೆಲೆಯೇ ನಿಮ್ಮ ಕೊಂಡ ಬೆಲೆ, ಅವರು ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಕಾಲಕ್ಕೆ ಸೇರುತ್ತದೆ. ಅವ್ವನಿಗೂ ಅದು ಅವರ ತಾಯಿಯಿಂದ ಬಂದಿದ್ದರೆ ನಿಜವಾಗಿ ಹಣ ಕೊಟ್ಟು ಕೊಂಡವರು ಸಿಗುವವರೆಗೆ ಹಿಂದಕ್ಕೆ ಹೋಗಬೇಕು. ಹೀಗಾಗಿ ಒಡವೆ ನಿಮ್ಮ ಕೈಗೆ ಬಂದು ಮೂರೇ ತಿಂಗಳಾಗಿದ್ದರೂ ಅದು ದೀರ್ಘಾವಧಿಯದೇ.

ಆ ಒಡವೆಯನ್ನು 2001ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಂಡಿದ್ದರೆ ನಿಜವಾದ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯೆಂದು ಹಿಡಿಯುವ ಅವಕಾಶವಿದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ವರ್ಷ ಕೊಂಡದ್ದು ಎಂಬ ನೆನಪಷ್ಟೇ ಇದ್ದು ರಸೀದಿ ಇಲ್ಲದ ಮನೆಗಳಿಗೆ ಇದು ದೊಡ್ಡ ಅನುಕೂಲ. ಈ ಬೆಲೆಯನ್ನು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಒಡವೆ ಮೌಲ್ಯಮಾಪಕರಿಂದ ವರದಿ ರೂಪದಲ್ಲಿ ಪಡೆಯಬೇಕು. ಬಂಗಾರದ ಸಾಲಕ್ಕೆ ಪರೀಕ್ಷೆ ಮಾಡುವವರೆಲ್ಲರಿಗೂ ಆ ನೋಂದಣಿ ಇರುವುದಿಲ್ಲ. ಮಾರುವ ಮುಂಚೆಯೇ ವರದಿ ಮಾಡಿಸಬೇಕು. ಕರಗಿಸಿದ ಮೇಲೆ ನೋಡಲು ಒಡವೆಯೇ ಇರುವುದಿಲ್ಲ. ಹಳೆಯ ಗುಂಡುಗಳೊಳಗಿನ ಅರಗು, ಕಲ್ಲು ಕಳೆದ ನಿವ್ವಳ ತೂಕವೇ ವರದಿಯಲ್ಲೂ ಮಾರಾಟದ ಚೀಟಿಯಲ್ಲೂ ಇರುವಂತೆ ನೋಡಿಕೊಳ್ಳಬೇಕು.

ಒಂದು ಲೆಕ್ಕ ಬಿಡಿಸಿ ತೋರಿಸಬಹುದೇ?

ಗದಗಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಾಯಿ 1994ರಲ್ಲಿ ಕೊಂಡ 80 ಗ್ರಾಂ ನಿವ್ವಳ ತೂಕದ, 22 ಕ್ಯಾರೆಟ್ ಒಡವೆಗಳಿದ್ದವು. ಆಕೆ ಉಯಿಲು ಬರೆಯದೆ 2015ರಲ್ಲಿ ತೀರಿಕೊಂಡರು. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗ ಮತ್ತು ಮಗಳಿಗೆ ಸಮಪಾಲು, ಅಂದರೆ ತಲಾ 40 ಗ್ರಾಂ. ಇಬ್ಬರೂ 2025ರ ನವೆಂಬರಿನಲ್ಲಿ ಮಾರಿದರು. ಲೆಕ್ಕಕ್ಕಾಗಿ ಮಾರಿದ ದರ ಗ್ರಾಂಗೆ 11,000 ರೂಪಾಯಿ, 2001ರ ಏಪ್ರಿಲ್ 1ರ ಬೆಲೆ ಮೌಲ್ಯಮಾಪಕರ ವರದಿಯಂತೆ ಗ್ರಾಂಗೆ 400 ರೂಪಾಯಿ ಎಂದು ಹಿಡಿಯೋಣ.

ಪ್ರತಿಯೊಬ್ಬರಿಗೂ ಬಂದ ಹಣ 4,40,000, ಕೊಂಡ ಬೆಲೆ 16,000, ಲಾಭ 4,24,000. ಇಲ್ಲಿಯವರೆಗೆ ಇಬ್ಬರದೂ ಒಂದೇ ಲೆಕ್ಕ.

ಮಗ ಶಿಕ್ಷಕ, ಸಂಬಳವೇ ಮೂಲ ವಿನಾಯಿತಿ ಮಿತಿಯನ್ನು ದಾಟಿದೆ. ಆದ್ದರಿಂದ ಪೂರ್ತಿ ಲಾಭಕ್ಕೆ ಶೇ. 12.5ರಂತೆ 53,000, ಸೆಸ್ 2,120, ಒಟ್ಟು 55,120 ರೂಪಾಯಿ. ಮಗಳಿಗೆ ಬೇರೆ ಆದಾಯವಿಲ್ಲ. ಇತರ ಆದಾಯದಿಂದ ತುಂಬದೆ ಉಳಿದ ಮೂಲ ವಿನಾಯಿತಿಯನ್ನು ಭಾರತದಲ್ಲಿ ನೆಲೆಸಿರುವವರು ದೀರ್ಘಾವಧಿ ಲಾಭದೊಂದಿಗೆ ಹೊಂದಿಸಿಕೊಳ್ಳಬಹುದು. 2025-26ರಲ್ಲಿ ಹೊಸ ಪದ್ಧತಿಯಲ್ಲಿ ಆ ಮಿತಿ 4,00,000. ಹೀಗಾಗಿ ಆಕೆಗೆ ತೆರಿಗೆ ಬೀಳುವುದು 24,000ಕ್ಕೆ ಮಾತ್ರ: 3,000, ಸೆಸ್ 120, ಒಟ್ಟು 3,120 ರೂಪಾಯಿ. ಎಲ್ಲವನ್ನೂ ಅಣ್ಣನ ಖಾತೆಗೇ ಹಾಕಿಸಿ ಆಮೇಲೆ ಹಂಚಿಕೊಂಡರಾಯಿತು ಎಂಬುದು ನಮ್ಮ ಕಡೆ ವಾಡಿಕೆ. ಹಾಗೆ ಮಾಡಿದರೆ ದಾಖಲೆಯಲ್ಲಿ ಮಾರಿದವನು ಒಬ್ಬನೇ ಆಗುತ್ತಾನೆ. ಸರಾಫರಿಂದ ಇಬ್ಬರ ಹೆಸರಿಗೂ ಬೇರೆ ಬೇರೆ ಖರೀದಿ ಚೀಟಿ, ಇಬ್ಬರ ಖಾತೆಗೂ ಬೇರೆ ಬೇರೆ ಹಣ ಬರಬೇಕು.

ವರ್ಷಕ್ಕೆ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಮಗಳು 3,120 ಏಕೆ ಕಟ್ಟಬೇಕು?

ಆ 12 ಲಕ್ಷದ ಮಾತು ವಿನಾಯಿತಿಯದಲ್ಲ, ರಿಬೇಟಿನದು. ಹೊಸ ಪದ್ಧತಿಯ ಈ ರಿಬೇಟು ಸ್ಲ್ಯಾಬ್ ದರದ ತೆರಿಗೆಗೆ ಮಾತ್ರ ಸಿಗುತ್ತದೆ. ದೀರ್ಘಾವಧಿ ಬಂಡವಾಳ ಲಾಭದಂತೆ ವಿಶೇಷ ದರವಿರುವ ಆದಾಯದ ತೆರಿಗೆಗೆ ಸಿಗುವುದಿಲ್ಲ. ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ: ಒಟ್ಟು ಆದಾಯ 12 ಲಕ್ಷದೊಳಗಿದ್ದು 24 ತಿಂಗಳು ತುಂಬುವ ಮುಂಚೆಯೇ ಮಾರಿದವರಿಗೆ ಸ್ಲ್ಯಾಬ್ ಲೆಕ್ಕದಲ್ಲಿ ರಿಬೇಟು ಸಿಕ್ಕು ತೆರಿಗೆ ಸೊನ್ನೆಯಾಗಬಹುದು; ಕಾದು ಮಾರಿದವರು ಶೇ. 12.5 ಕಟ್ಟಬೇಕಾಗಬಹುದು. ಹೆಚ್ಚು ಕಾಲ ಇಟ್ಟಷ್ಟೂ ಒಳ್ಳೆಯದು ಎಂಬ ಮಾತನ್ನು ಇಂಥ ಆದಾಯದವರು ಕಣ್ಣುಮುಚ್ಚಿ ನಂಬಬಾರದು.

ಇಂಡೆಕ್ಸೇಶನ್ ತೆಗೆದಿದ್ದರಿಂದ ನಮಗೆ ನಷ್ಟವಾಯಿತೇ? ಹಳೆಯ ಪದ್ಧತಿಯನ್ನೇ ಆರಿಸಿಕೊಳ್ಳಬಹುದೇ?

ಆರಿಸಿಕೊಳ್ಳಲಾಗದು. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಆಸ್ತಿಗೆ ಎರಡು ಲೆಕ್ಕಗಳಲ್ಲಿ ಕಡಿಮೆಯದನ್ನು ಹಿಡಿಯುವ ರಿಯಾಯಿತಿ ಜಮೀನು ಮತ್ತು ಕಟ್ಟಡಕ್ಕೆ ಮಾತ್ರ ಇದೆ, ಬಂಗಾರಕ್ಕಿಲ್ಲ.

ಆದರೆ ನಷ್ಟವಾಯಿತೆಂಬ ಭಾವನೆ ಬಹುಪಾಲು ಸರಿಯಲ್ಲ. ಇಂಡೆಕ್ಸೇಶನ್ ಎಂದರೆ ಬೆಲೆಯೇರಿಕೆ ಸೂಚ್ಯಂಕದ ಪ್ರಮಾಣದಲ್ಲಿ ಕೊಂಡ ಬೆಲೆಯನ್ನು ಹಿಗ್ಗಿಸುವುದು. 2001-02ರ ಸೂಚ್ಯಂಕ 100, 2025-26ರದು 376. ಮೇಲಿನ ಮಗನ 16,000ವನ್ನು ಹೀಗೆ ಹಿಗ್ಗಿಸಿದರೆ 60,160 ಆಗುತ್ತಿತ್ತು, ಲಾಭ 3,79,840ಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಶೇ. 20 ಅಂದರೆ 75,968. ಈಗಿನ ಲೆಕ್ಕದಲ್ಲಿ, ಸೆಸ್ ಬಿಟ್ಟು, 53,000. ನಮ್ಮ ಉದಾಹರಣೆಯಲ್ಲಿ ಸೂಚ್ಯಂಕ ನಾಲ್ಕು ಪಟ್ಟೂ ಆಗದ ಅವಧಿಯಲ್ಲಿ ಬಂಗಾರ ಇಪ್ಪತ್ತೇಳು ಪಟ್ಟು ಏರಿದೆ. ಇಷ್ಟು ಏರಿದ ವಸ್ತುವಿಗೆ ಹಿಗ್ಗಿಸಿದ ಬೆಲೆಗಿಂತ ಇಳಿದ ದರವೇ ಹೆಚ್ಚು ಉಪಕಾರಿ. ಬೆಲೆ ಸೂಚ್ಯಂಕಕ್ಕಿಂತ ಸ್ವಲ್ಪವೇ ಮುಂದೆ ಹೋದಾಗ ಅಥವಾ ಭಾರೀ ಮಜೂರಿ ತೆತ್ತು ಕೊಂಡಾಗ ಮಾತ್ರ ಹಳೆಯ ಪದ್ಧತಿ ಲಾಭಕರವಾಗುತ್ತಿತ್ತು.

ರಸೀದಿ ಇಲ್ಲ. ಒಡವೆ ಅವ್ವನದೇ ಎಂದು ಹೇಗೆ ತೋರಿಸುವುದು?

ಉಯಿಲು ಅಥವಾ ವಾಟ್ನಿ ಪತ್ರದಲ್ಲಿ ಒಡವೆಯ ಪಟ್ಟಿ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ನಾನು ಮೊದಲು ಕೇಳುವುದು ಹಳೆಯ ಬಂಗಾರದ ಸಾಲದ ಕಾಗದವನ್ನು. ಬಿತ್ತನೆಯ ಕಾಲಕ್ಕೆ ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಒತ್ತೆಯಿಟ್ಟಾಗ ಕೊಟ್ಟ ಚೀಟಿಯಲ್ಲಿ ಒಡೆಯರ ಹೆಸರು, ಒಡವೆಯ ಬಗೆ, ತೂಕ ಮತ್ತು ದಿನಾಂಕ ನಾಲ್ಕೂ ಇರುತ್ತವೆ, ಅದೂ ಮೂರನೆಯವರ ಕೈಯಿಂದ ಬರೆದದ್ದು. ಮದುವೆಯ ಫೋಟೊಗಳು ಇದಕ್ಕೆ ಬೆಂಬಲವಾಗಿ ನಿಲ್ಲುತ್ತವೆ, ಅವಷ್ಟೇ ಸಾಲವು.

ತೊಲೆಯ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ತೊಲೆ ಸುಮಾರು 11.66 ಗ್ರಾಂ, ಇಂದು ಅಂಗಡಿಗಳಲ್ಲಿ ತೊಲೆ ಎಂದರೆ 10 ಗ್ರಾಂ. ಹಳೆಯ ಚೀಟಿಯ ಮೂರೂವರೆ ತೊಲೆ 35 ಗ್ರಾಂ ಅಲ್ಲ, ಸುಮಾರು 40.8 ಗ್ರಾಂ. ತೂಕ ತಾಳೆಯಾಗಲಿಲ್ಲವೆಂದು ಸರಿಯಾದ ದಾಖಲೆಯನ್ನೇ ಬದಿಗಿಟ್ಟವರಿದ್ದಾರೆ. ಯಾವ ಆಧಾರವೂ ಇಲ್ಲದಿದ್ದರೆ ಕೊಂಡ ಬೆಲೆಯ ಮೇಲಷ್ಟೇ ಅಲ್ಲ, ಆ ಬಂಗಾರ ಎಲ್ಲಿಂದ ಬಂತೆಂಬುದರ ಮೇಲೂ ಪ್ರಶ್ನೆ ಏಳುತ್ತದೆ.

## ಸಾರ್ವಭೌಮ ಬಂಗಾರದ ಬಾಂಡ್

ಬಾಂಡಿಗೆ ತೆರಿಗೆಯೇ ಇಲ್ಲ ಎಂದು ಹೇಳಿ ಕೊಟ್ಟರು. ನಿಜವೇ?

ಲಾಭಕ್ಕೆ ತೆರಿಗೆ ಇಲ್ಲದಿರುವುದು ರಿಸರ್ವ್ ಬ್ಯಾಂಕ್ ಬಾಂಡನ್ನು ಮರಳಿ ಪಡೆದು ಹಣ ಕೊಟ್ಟಾಗ ಮಾತ್ರ. 2015ರ ನವೆಂಬರಿನ ಮೊದಲ ಕಂತಿನಲ್ಲಿ ಗ್ರಾಂಗೆ 2,684 ರೂಪಾಯಿಯಂತೆ 10 ಗ್ರಾಂ ಪಡೆದವರಿಗೆ ಎಂಟು ವರ್ಷದ ಅವಧಿ ಮುಗಿದಾಗ, 2023ರ ನವೆಂಬರಿನಲ್ಲಿ, ಗ್ರಾಂಗೆ 6,132ರಂತೆ ಹಣ ಬಂತು. ಆ 34,480 ರೂಪಾಯಿ ಲಾಭಕ್ಕೆ ತೆರಿಗೆ ಇರಲಿಲ್ಲ. ವರ್ಷಕ್ಕೆರಡು ಸಲ ಬರುವ ಬಡ್ಡಿಗೆ ಮಾತ್ರ ಸ್ಲ್ಯಾಬ್ ದರದ ತೆರಿಗೆ ಎಂದಿನಿಂದಲೂ ಇದೆ. ಮೂಲದಲ್ಲೇ ತೆರಿಗೆ ಕಡಿತವಾಗದ ಕಾರಣ ಹೆಚ್ಚಿನವರು ಅದನ್ನು ತೋರಿಸಲು ಮರೆಯುತ್ತಾರೆ.

ಅವಧಿಗೆ ಮುಂಚೆ ಷೇರುಪೇಟೆಯಲ್ಲಿ ಮಾರಿದರೆ ತೆರಿಗೆ ಉಂಟು. ಪಟ್ಟಿಯಾದ ಪತ್ರವಾದ್ದರಿಂದ ಇಲ್ಲಿ ಗಡಿ 24 ತಿಂಗಳಲ್ಲ, 12 ತಿಂಗಳು. ಅದನ್ನು ದಾಟಿದರೆ ಶೇ. 12.5, ಇಲ್ಲದಿದ್ದರೆ ಸ್ಲ್ಯಾಬ್ ದರ. ಮೊದಲು ಇದಕ್ಕೂ ಇದ್ದ ಇಂಡೆಕ್ಸೇಶನ್ ಈಗಿಲ್ಲ. ಡಿಮ್ಯಾಟ್ ಖಾತೆಯಲ್ಲಿರುವ ಒಂದೇ ಕಂತಿನ ಬಾಂಡುಗಳನ್ನು ಬೇರೆ ಬೇರೆ ದಿನ ಕೊಂಡಿದ್ದರೆ ಮೊದಲು ಕೊಂಡದ್ದೇ ಮೊದಲು ಮಾರಿದಂತೆ ಲೆಕ್ಕ.

ಷೇರುಪೇಟೆಯಲ್ಲಿ ಬೇರೆಯವರಿಂದ ಕೊಂಡ ಬಾಂಡನ್ನು ಅವಧಿ ಮುಗಿಯುವವರೆಗೆ ಇಟ್ಟರೆ?

2026ರ ಮಾರ್ಚ್ 31ರವರೆಗಿನ ಮರುಪಾವತಿಗೆ, ಬಾಂಡು ವ್ಯಕ್ತಿಯ ಕೈಯಲ್ಲಿದ್ದರೆ ಸಾಕಿತ್ತು, ಎಲ್ಲಿ ಕೊಂಡರೆಂಬುದು ಮುಖ್ಯವಾಗಿರಲಿಲ್ಲ. 2026ರ ಫೆಬ್ರವರಿ 1ರ ಬಜೆಟ್ ತಂದ ಬದಲಾವಣೆ ಏಪ್ರಿಲ್ 1ರಿಂದ ಇದನ್ನು ಬಿಗಿಗೊಳಿಸುತ್ತದೆ: ಬಾಂಡು ಹೊರಟಾಗಲೇ ನೇರವಾಗಿ ಪಡೆದು, ಅವಧಿ ಮುಗಿಯುವವರೆಗೆ ಬಿಡದೆ ಇಟ್ಟುಕೊಂಡ ವ್ಯಕ್ತಿಗೆ ಮಾತ್ರ ವಿನಾಯಿತಿ. ತೆರಿಗೆ ಉಳಿಯುತ್ತದೆಂದು ಪೇಟೆಯಲ್ಲಿ ಹೆಚ್ಚು ಬೆಲೆ ತೆತ್ತು ಕೊಂಡವರು ತಮ್ಮ ಲೆಕ್ಕವನ್ನು ಮತ್ತೆ ಹಾಕಬೇಕು. ಐದನೆಯ ವರ್ಷದ ಬಳಿಕ ಅವಧಿಗೆ ಮುಂಚೆಯೇ ರಿಸರ್ವ್ ಬ್ಯಾಂಕಿಗೆ ಮರಳಿಸಲು ಯೋಚಿಸಿದವರೂ ಹಾಗೆಯೇ.

## ತೊಡಕಿನ ಪ್ರಶ್ನೆಗಳು

ಹೆಂಡತಿಗೆ ಆದಾಯವಿಲ್ಲ. ನನ್ನ ಬಂಗಾರವನ್ನು ಆಕೆಗೆ ಕೊಟ್ಟು ಆಕೆಯ ಹೆಸರಲ್ಲೇ ಮಾರಿದರೆ 4 ಲಕ್ಷದ ವಿನಾಯಿತಿ ಸಿಗುತ್ತದೆಯೇ?

ಸಿಗುವುದಿಲ್ಲ. ಗಂಡ ಹೆಂಡತಿಗೆ ಉಡುಗೊರೆ ಕೊಟ್ಟ ಆಸ್ತಿಯ ಆದಾಯ, ಅದನ್ನು ಮಾರಿದ ಲಾಭವೂ ಸೇರಿ, ಗಂಡನ ಆದಾಯಕ್ಕೇ ಸೇರುತ್ತದೆ. ಮದುವೆಯಾದ ಮೇಲೆ ಅತ್ತೆಮಾವ ಸೊಸೆಗೆ ಕೊಟ್ಟ ಒಡವೆಗೂ ಇದೇ ನಿಯಮ. ಅಲ್ಲಿ ಲಾಭ ಕೊಟ್ಟವರ ಲೆಕ್ಕಕ್ಕೆ ಹೋಗುತ್ತದೆ. ಆದರೆ ತವರಿನವರು ಕೊಟ್ಟ ಬಂಗಾರ ಆಕೆಯದೇ, ಅದರ ಲಾಭವೂ ವಿನಾಯಿತಿಯೂ ಆಕೆಯದೇ. ಗದಗಿನ ಮಗಳಂತೆ ವಾರಸಾಗಿ ಪಡೆದವರಿಗೂ ಈ ತೊಡಕಿಲ್ಲ. ತವರಿನ ಒಡವೆ ಮತ್ತು ಗಂಡನ ಮನೆಯ ಒಡವೆಯನ್ನು ಮದುವೆಯ ಹೊತ್ತಿಗೇ ಬೇರೆ ಬೇರೆ ಪಟ್ಟಿ ಮಾಡಿಡುವ ಹಳೆಯ ರೂಢಿ ತೆರಿಗೆಯ ದೃಷ್ಟಿಯಿಂದಲೂ ಬೆಲೆಯುಳ್ಳದ್ದು.

ಬಂಗಾರ ಮಾರಿ ಮನೆ ಕಟ್ಟಿಸುತ್ತಿದ್ದೇವೆ. ತೆರಿಗೆ ಉಳಿಯುತ್ತದೆಯೇ?

ದೀರ್ಘಾವಧಿ ಲಾಭವಾಗಿದ್ದರೆ ಉಳಿಸಬಹುದು. ಮಾರಾಟಕ್ಕೆ ಒಂದು ವರ್ಷ ಮುಂಚೆ ಅಥವಾ ಎರಡು ವರ್ಷದೊಳಗೆ ವಾಸದ ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು; ಮಾರಿದ ದಿನ ನಿಮ್ಮ ಹೆಸರಲ್ಲಿ, ಹೊಸದನ್ನು ಬಿಟ್ಟು, ಒಂದಕ್ಕಿಂತ ಹೆಚ್ಚು ವಾಸದ ಮನೆ ಇರಬಾರದು. ಇಲ್ಲಿ ತೊಡಗಿಸಬೇಕಾದದ್ದು ಲಾಭವನ್ನಷ್ಟೇ ಅಲ್ಲ, ಮಾರಿ ಬಂದ ಪೂರ್ತಿ ಹಣವನ್ನು. 4,40,000ದಲ್ಲಿ 2,20,000 ಮಾತ್ರ ಮನೆಗೆ ಹೋದರೆ ಅರ್ಧ ಲಾಭಕ್ಕಷ್ಟೇ ವಿನಾಯಿತಿ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಜಮೀನು ಮಾರಿದವರು ಕೊಳ್ಳುವ, ಐದು ವರ್ಷದ ತೆರಿಗೆ ಉಳಿಸುವ ಬಾಂಡುಗಳು ಬಂಗಾರದ ಲಾಭಕ್ಕೆ ಅನ್ವಯಿಸುವುದಿಲ್ಲ.

ನಗದು ಪಡೆಯಬಹುದೇ? ಯಾವ ಫಾರ್ಮಿನಲ್ಲಿ ತೋರಿಸಬೇಕು?

ಒಬ್ಬರಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕೆ 2,00,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದ ಮೊತ್ತದಷ್ಟೇ ದಂಡ ಪಡೆದವರ ಮೇಲೆ ಬೀಳುತ್ತದೆ. ಸರಾಫರಿಗೂ ದಿನಕ್ಕೆ ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಅವರ ಲೆಕ್ಕದಲ್ಲಿ ಒಪ್ಪಿತವಾಗುವುದಿಲ್ಲ. ಅವರು ಚೆಕ್ಕು ಅಥವಾ ಖಾತೆ ವರ್ಗಾವಣೆಯನ್ನೇ ಹೇಳುವುದು ಈ ಕಾರಣಕ್ಕೆ.

ಬಂಗಾರ ಮಾರಿದ ವರ್ಷ ಸಂಬಳದಾರರು ಸಾಮಾನ್ಯವಾಗಿ ಸಲ್ಲಿಸುವ ಐಟಿಆರ್-1 ನಡೆಯುವುದಿಲ್ಲ. ವ್ಯಾಪಾರದ ಆದಾಯವಿಲ್ಲದವರಿಗೆ ಐಟಿಆರ್-2. ಗದಗಿನ ಮಗಳ ಲಾಭವೂ 4,00,000 ದಾಟಿರುವುದರಿಂದ ಆಕೆಯೂ ರಿಟರ್ನ್ ಸಲ್ಲಿಸಬೇಕು. ವರ್ಷದ ತೆರಿಗೆ ಬಾಕಿ 10,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂಗಡ ತೆರಿಗೆಯೂ ಇದೆ: ನವೆಂಬರಿನಲ್ಲಿ ಮಾರಿದ ಮಗನು ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತುಗಳಲ್ಲಿ ಕಟ್ಟಿದರೆ ಹಿಂದಿನ ಕಂತುಗಳ ಬಡ್ಡಿ ಬೀಳುವುದಿಲ್ಲ. ವ್ಯಾಪಾರದ ಆದಾಯವಿಲ್ಲದ, 60 ವರ್ಷ ತುಂಬಿದವರಿಗೆ ಮುಂಗಡ ತೆರಿಗೆ ಇಲ್ಲ. ಅವರು ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ ಸಾಕು.